ಚಂದ್ರನೂ ಏಳುತ್ತಾನೆ, ದೋಸೆ ಹಿಟ್ಟೂ ಏಳುತ್ತದೆ: ಹಾಡು ಕೇಳಿ ಜರ್ಮನ್ ಕಲಿಯುವ ನಮ್ಮ ಕಡೆಯವರಿಗೆ

ಈ ಸಲ ರಜೆಗೆ ಚಿಂತಾಮಣಿಗೆ ಬಂದಾಗ ಪಕ್ಕದ ಮನೆ ಹುಡುಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಜಗಲಿ ಮೇಲೆ ಕೂತಿದ್ದಳು. ನರ್ಸಿಂಗ್ ಮುಗಿಸಿದ್ದಾಳೆ, ಜರ್ಮನಿಗೆ ಹೊರಟಿದ್ದಾಳೆ. "ಅಕ್ಕಾ, ಹಾಡು ಕೇಳ್ತಾ ಇದ್ರೆ ಭಾಷೆ ತಾನೇ ಬರುತ್ತೆ ಅಲ್ವಾ?" ಎಂದಳು. ಹನ್ನೊಂದು ವರ್ಷದ ಹಿಂದೆ ನಾನೂ ಹೀಗೇ ಅಂದುಕೊಂಡು ವಿಮಾನ ಹತ್ತಿದ್ದೆ. ಆಮೇಲೆ ಏನಾಯಿತು ಅಂತ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಗದ ಪತ್ರದ ವಿಷಯ ಒಂದೇ ಮಾತು. ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಿ, ಮನೆ ಮಾಲೀಕರ ಸಹಿ ಇರುವ ಕಾಗದ ಜೊತೆಗಿರಲಿ. ಮಿಕ್ಕಿದ್ದನ್ನು ಅಲ್ಲಿ ಯಾರಾದರೂ ಹೇಳುತ್ತಾರೆ.

ನಮ್ಮ ಕಡೆಯವರಿಗೆ ಭಾಷೆ ವಿಷಯದಲ್ಲಿ ಸ್ವಲ್ಪ ಕೊಬ್ಬು. ತೆಲುಗು ನಮಗೆ ಯಾರೂ ಕಲಿಸಲಿಲ್ಲ. ಸಿನಿಮಾ ಹಾಡು ಕೇಳಿದೆವು, ಅಜ್ಜಿ ಹೇಳುತ್ತಿದ್ದ ಕೈವಾರ ತಾತಯ್ಯನ ತತ್ವಪದ ಕೇಳಿದೆವು, ಒಂದು ದಿನ ನೋಡಿದರೆ ಬಾಯಲ್ಲಿ ತೆಲುಗು ಇತ್ತು. ಅದು ನಮ್ಮ ಜಾಣತನ ಅಲ್ಲ ಅಂತ ಗೊತ್ತಾಗಿದ್ದು ಜರ್ಮನಿಯಲ್ಲಿ. "ನೇನು ಇಂಟಿಕಿ ಪೋತಾನು" ಅಂದರೂ "ನಾನು ಮನೆಗೆ ಹೋಗ್ತೀನಿ" ಅಂದರೂ ಒಂದೊಂದು ಮಾತೂ ಅದದೇ ಜಾಗದಲ್ಲಿ ಕೂತಿರುತ್ತದೆ. ಪದ ಬದಲಾಯಿಸಿದರೆ ಸಾಕು. ಜರ್ಮನ್‌ನಲ್ಲಿ ಜಾಗವೇ ಬೇರೆ. ಮೇಲಾಗಿ ಹಾಡು ಬರೆಯುವವರು ತಾಳಕ್ಕೆ, ಪ್ರಾಸಕ್ಕೆ ಆ ಜಾಗವನ್ನೂ ಅಲ್ಲಾಡಿಸಿರುತ್ತಾರೆ.

ನಾನು ಮೊದಲು ಆರಿಸಿದ್ದು ಚಂದ್ರನ ಲಾಲಿ ಹಾಡು, "ದೆರ್ ಮೋಂಡ್ ಇಸ್ಟ್ ಔಫ್‌ಗೆಗಾಂಗೆನ್". ಮಾಟಿಯಾಸ್ ಕ್ಲಾಡಿಯುಸ್ ಅನ್ನುವ ಕವಿಯದು, 1779ರಲ್ಲಿ ಅಚ್ಚಾಗಿದ್ದು. ನಿಧಾನದ ಹಾಡು, ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತದೆ, ಹಾಗಾಗಿ ಸುಲಭ ಅನ್ನಿಸಿತು. ಅದರಲ್ಲಿ ಕಾಡು ಕಪ್ಪಗೆ ನಿಂತಿದೆ, "ಉಂಟ್ ಶ್ವೈಗೆಟ್", ಸುಮ್ಮನಿದೆ ಅಂತ ಒಂದು ಸಾಲು. ನಾನು "ಶ್ವೈಗೆಟ್ ಅಂದರೆ ಸುಮ್ಮನಿರುವುದು" ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಒಂದು ಬೆಳಗ್ಗೆ ಪಾಳಿ ಬದಲಾಗುವಾಗ ರಾತ್ರಿಯ ವರದಿ ಹೇಳಬೇಕಿತ್ತು. ನಾಲ್ಕನೇ ರೂಮಿನ ತಾತ ಗಲಾಟೆ ಮಾಡದೆ ಮಲಗಿದ್ದರು. ನಾನು ಗಟ್ಟಿಯಾಗಿ, ಹೆಮ್ಮೆಯಿಂದ, "ದೆರ್ ಪಾಟ್ಸಿಯೆಂಟ್ ಶ್ವೈಗೆಟ್" ಅಂದೆ. ಅರ್ಧ ಜನ ನಕ್ಕರು. ಹಿರಿಯ ನರ್ಸ್ ಮಾತ್ರ ನಗಲಿಲ್ಲ. "ಯಾಕೆ, ಏನು ಕೇಳಿದರೂ ಬಾಯಿ ಬಿಡ್ತಾ ಇಲ್ವಾ?" ಎಂದು ಎದ್ದು ಆ ರೂಮಿಗೇ ಹೊರಟರು.

ನನ್ನ ತಪ್ಪು ಎರಡು. ಒಂದು, ಇವತ್ತಿನ ಮಾತಿನಲ್ಲಿ ಅದು "ಶ್ವೈಕ್ಟ್". ಮುಂದಿನ ಸಾಲಿನ "ಶ್ಟೈಗೆಟ್" ಜೊತೆ ಪ್ರಾಸ ಕೂರಬೇಕು, ತಾಳಕ್ಕೆ ಇನ್ನೊಂದು ಉಸಿರು ಬೇಕು, ಅದಕ್ಕೆ ಹಳೆಯ ಉದ್ದನೆಯ ರೂಪ. ನಗು ಬಂದಿದ್ದು ಇದಕ್ಕೆ. ಬಸ್ ಸ್ಟಾಂಡಿನಲ್ಲಿ ಯಾರಾದರೂ ಹಳಗನ್ನಡದಲ್ಲಿ ಟೀ ಕೇಳಿದರೆ ನಾವೂ ನಗುತ್ತೇವೆ. ಎರಡನೆಯದು ದೊಡ್ಡ ತಪ್ಪು. ಆ ಕ್ರಿಯಾಪದವನ್ನು ಮನುಷ್ಯರ ಬಗ್ಗೆ ಹೇಳಿದರೆ ಸಾಮಾನ್ಯವಾಗಿ ಮಾತಾಡಬಹುದಾದರೂ ಮಾತಾಡದೆ ಇದ್ದಾರೆ ಅಂತ ಕೇಳಿಸುತ್ತದೆ. ಶಾಂತವಾಗಿದ್ದಾರೆ ಅನ್ನಲು "ರೂಯಿಗ್" ಅನ್ನುವ ಬೇರೆ ಮಾತಿದೆ. ಕಾಡಿಗೆ ಸರಿಹೋದದ್ದು ತಾತನಿಗೆ ಸರಿಹೋಗಲಿಲ್ಲ.

ಅವತ್ತಿನಿಂದ ಯಾವ ಸಾಲನ್ನೂ ನೇರ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಮೊದಲು ಕಿವಿಗೆ ಬಿದ್ದ ಹಾಗೆ ಬರೆದುಕೊಳ್ಳುತ್ತೇನೆ, ಆಮೇಲೆ ಅಚ್ಚಾದ ಸಾಹಿತ್ಯದ ಪಕ್ಕ ಇಟ್ಟು ನೋಡುತ್ತೇನೆ. ವಿಡಿಯೋ ಕೆಳಗೆ ತಾನಾಗಿ ಓಡುವ ಅಕ್ಷರಗಳನ್ನು ನಂಬಬೇಡಿ, ಹಾಡು ಬಂದರೆ ಅವು ತಪ್ಪುವುದು ಜಾಸ್ತಿ. ಕಿವಿಯೂ ಮೋಸ ಮಾಡುತ್ತದೆ. ಇದೇ ಚಂದ್ರನ ಹಾಡಿನ ಮಂಜಿನ ಸಾಲನ್ನು ಜರ್ಮನರೇ ತಪ್ಪಾಗಿ ಕೇಳಿಸಿಕೊಂಡಿದ್ದಾರೆ, ಆ ತಪ್ಪನ್ನೇ ಹೆಸರಾಗಿಟ್ಟು ಅಲ್ಲೊಬ್ಬರು ಪುಸ್ತಕ ಬರೆದಿದ್ದಾರೆ. ಅದನ್ನು ಕೇಳಿದ ಮೇಲೆ ನನಗೂ ಸಮಾಧಾನ ಆಯಿತು.

ಆಮೇಲೆ ಡಿಕ್ಷನರಿ. ನಾನು ನೋಡುವುದು duden.de. ಪದದ ಹತ್ತಿರ `veraltet` ಅಂತಿದ್ದರೆ ಅದು ಬಳಕೆ ತಪ್ಪಿದ ಮಾತು. `gehoben` ಅಂತಿದ್ದರೆ ಭಾಷಣ, ಕವಿತೆಯ ಮಾತು. ಎರಡನ್ನೂ ಅರ್ಥ ಮಾಡಿಕೊಳ್ಳಿ, ಡ್ಯೂಟಿಯಲ್ಲಿ ಆಡಬೇಡಿ. ಹಾಡಿನಲ್ಲಿರುವ ರೂಪವನ್ನೇ ಹುಡುಕದೆ ಮೂಲ ರೂಪ ಹುಡುಕಿ. "ಔಫ್‌ಗೆಗಾಂಗೆನ್" ಅನ್ನುವುದರ ಮೂಲ "ಔಫ್‌ಗೇಎನ್". ಅಲ್ಲಿಗೆ ಹೋದರೆ ಒಂದಲ್ಲ, ಸಾಲುಸಾಲು ಅರ್ಥ. ಚಂದ್ರ ಮೂಡುವುದೂ ಅದೇ, ಬಾಗಿಲು ತೆರೆದುಕೊಳ್ಳುವುದೂ ಅದೇ, ಗಂಟು ಬಿಚ್ಚಿಕೊಳ್ಳುವುದೂ ಅದೇ, ಹಿಟ್ಟು ಉಬ್ಬುವುದೂ ಅದೇ. ಚಳಿಗಾಲದಲ್ಲಿ ದೋಸೆ ಹಿಟ್ಟಿನ ಪಾತ್ರೆಯನ್ನು ಲೈಟ್ ಹಾಕಿದ ಓವನ್ನಿನೊಳಗೆ ರಾತ್ರಿಯೆಲ್ಲ ಇಟ್ಟು, ಬೆಳಗ್ಗೆ ಮುಚ್ಚಳ ತೆಗೆದು "ಔಫ್‌ಗೆಗಾಂಗೆನ್!" ಅಂತ ಕೂಗಿದ ದಿನ ಆ ಪದ ನನ್ನದಾಯಿತು.

ಇಷ್ಟು ಹೇಳಿ ಹುಡುಗಿಯ ಫೋನ್ ಇಸಕೊಂಡೆ. ಅವಳು ಕೇಳುತ್ತಿದ್ದದ್ದು ಉಸಿರು ಬಿಡದೆ ಓಡುವ ರ‍್ಯಾಪ್. ಅದು ಆಮೇಲಿರಲಿ, ಈ ಸಾಲುಗಳಲ್ಲಿ ಒಂದನ್ನಾದರೂ ಬಸ್ ಕಂಡಕ್ಟರ್‌ಗೆ ಹೇಳಬಹುದಾ ನೋಡು ಎಂದೆ. ನಕ್ಕಳು. ಒಂದೂ ಇರಲಿಲ್ಲ.

ಅವಳಿಗೆ ನನ್ನ ಮಗಳ ಹಾಡು ಕೊಟ್ಟೆ. ನವೆಂಬರ್ 11, ಸೇಂಟ್ ಮಾರ್ಟಿನ್ ಹಬ್ಬದ ಹೊತ್ತಿಗೆ ಮಕ್ಕಳು ಕಾಗದದ ದೀಪ ಹಿಡಿದು ಬೀದಿಯಲ್ಲಿ ಹಾಡಿಕೊಂಡು ಹೋಗುತ್ತಾರೆ: "ಇಶ್ ಗೇ ಮಿಟ್ ಮೈನರ್ ಲಾಟೆರ್ನೆ, ಉಂಟ್ ಮೈನೆ ಲಾಟೆರ್ನೆ ಮಿಟ್ ಮಿಯರ್." ನಾನು ನನ್ನ ದೀಪದ ಜೊತೆ, ನನ್ನ ದೀಪ ನನ್ನ ಜೊತೆ. ಲಾಟೆರ್ನೆ ಅಂದರೆ ನಮ್ಮ ಲಾಟೀನೇ ಅಲ್ವಾ, ಮರೆಯುವ ಹಾಗೇ ಇಲ್ಲ. ಒಂದೇ ಸಾಲಿನಲ್ಲಿ "ಮೈನೆ" ಒಮ್ಮೆ, "ಮೈನರ್" ಒಮ್ಮೆ. "ಮಿಟ್", ಅಂದರೆ ಜೊತೆ, ಬಂದರೆ ಮುಂದಿನ ಪದ ಬದಲಾಗುತ್ತದೆ. ನಮ್ಮಲ್ಲೂ ಲಾಟೀನು ಹೋಗಿ "ಲಾಟೀನಿನ ಜೊತೆ" ಆಗುತ್ತದೆ. ನಾವು ಹೆಸರಿನ ಬಾಲ ಬದಲಾಯಿಸುತ್ತೇವೆ, ಅವರು ಇಲ್ಲಿ "ನನ್ನ" ಅನ್ನುವುದರ ಬಾಲ ಬದಲಾಯಿಸಿದ್ದಾರೆ.

ಇದೇ ಅಚ್ಚಿನಲ್ಲಿ ನಿನ್ನದೇ ವಾಕ್ಯ ಮಾಡು ಎಂದೆ. "ಮಿಟ್ ಮೈನರ್ ಶ್ವೆಸ್ಟರ್", ಅಕ್ಕನ ಜೊತೆ. ಸರಿ. "ಮಿಟ್ ಮೈನರ್ ಬ್ರೂಡರ್", ಅಣ್ಣನ ಜೊತೆ. ತಪ್ಪು! ಲಾಟೆರ್ನೆ ಅವರಿಗೆ ಹೆಣ್ಣು, ಅಣ್ಣ ಗಂಡು, ಅಲ್ಲಿ "ಮೈನೆಮ್" ಬರಬೇಕು. ಹಾಡಿನಲ್ಲಿ ಬರೀ ಲಾಟೀನು ಇದೆ, ಅಣ್ಣ ಇಲ್ಲ. ಎರಡನೇ ಅರ್ಧದಲ್ಲಿ ಕ್ರಿಯಾಪದವನ್ನೂ ನುಂಗಿದ್ದಾರೆ. ಮಾತಿನಲ್ಲಿ ಬಿಡಿಸಿ ಹೇಳುವುದಾದರೆ "ಗೇಟ್" ಸೇರಿಸಬೇಕು. ಹೀಗೆ ಒಂದು ಸಾಲು ಬಿಚ್ಚಿ ಕಟ್ಟುವುದಕ್ಕೆ ನಮಗೆ ಎರಡು ಕಾಫಿ ಹಿಡಿಯಿತು. ವಾರಕ್ಕೆ ಇಂಥ ನಾಲ್ಕು ಸಾಲು ಸಾಕು.

ನನ್ನ ಮಗಳಿಗೆ ಈ ಕಷ್ಟ ಯಾವುದೂ ಇಲ್ಲ. ಅವಳ ಕಷ್ಟ ಈ ಕಡೆಯದು. ನಾನು ಡ್ಯೂಟಿ ಮುಗಿಸಿ ಬಂದು ಶ್ವೈಗೆನ್, ಶ್ಟೈಗೆನ್ ಅಂತ ಉರು ಹೊಡೆಯುತ್ತಿದ್ದ ವರ್ಷಗಳಲ್ಲಿ ಅವಳಿಗೆ ಒಂದು ತತ್ವಪದವನ್ನೂ ಹೇಳಿಕೊಡಲಿಲ್ಲ. ನನಗೇ ಈಗ ಎರಡು ಸಾಲಿನ ಮೇಲೆ ಬರುವುದಿಲ್ಲ.

ಹೊರಡುವ ಹಿಂದಿನ ಸಂಜೆ ಕರೆಂಟ್ ಹೋಗಿತ್ತು. ಮಗಳು ಕತ್ತಲಲ್ಲಿ ತನ್ನ ಲಾಟೀನಿನ ಹಾಡು ಹಾಡಿದಳು. ಅಮ್ಮ ಅರ್ಥ ಕೇಳಿದರು. ಮಗಳು ಯೋಚನೆ ಮಾಡಿ, "ನಾನು ಹೋಗ್ತೀನಿ ಜೊತೆ ನನ್ನ ದೀಪ" ಎಂದಳು.

"ದೀಪ ಮೊದಲು ಹೇಳೇ," ಎಂದರು ಅಮ್ಮ. "ಜೊತೆ ಆಮೇಲೆ."