ಹುಳ ಅಲ್ಲ, ಹುಳಿ

ನಾನು ಮಕ್ಕಳ ಹಲ್ಲಿನ ಡಾಕ್ಟರು. ಕತೆ ಬರೆಯಬೇಕು ಅಂತ ಹೊರಟವಳಲ್ಲ. ಏಳು ವರ್ಷದ ಒಬ್ಬ ಹುಡುಗಿ ನನ್ನ ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ತುಟಿ ಬಿಗಿದುಕೊಂಡು ಕೂತಿದ್ದಳು. ಅಮ್ಮ ಗದರಿಸಿದರು, ಪುಸಲಾಯಿಸಿದರು, ಬಾಯಿ ತೆಗೆಯಲೇ ಇಲ್ಲ. ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ನಾನೂ ಸುಮ್ನೆ ಪಕ್ಕದ ಸ್ಟೂಲಿನ ಮೇಲೆ ಕೂತೆ. ಆಮೇಲೆ ಅವಳೇ ಮೆಲ್ಲಗೆ ಕೇಳಿದಳು: "ಡಾಕ್ಟ್ರೇ, ನೀವು ಹುಳ ತೆಗೆಯುವಾಗ ಅದು ಗಂಟಲೊಳಗೆ ಹೋದ್ರೆ?"

ಅವಳ ಭಯ ಸೂಜಿಯದಲ್ಲ, ನನ್ನದೂ ಅಲ್ಲ. ಹಲ್ಲಿನೊಳಗೆ ಹುಳ ಇದೆ ಅಂತ ಅವಳ ಅಜ್ಜಿ ಹೇಳಿದ್ದರು. ಅಜ್ಜಿಯ ತಪ್ಪೇನೂ ಇಲ್ಲ, ನಮ್ಮ ಮಾತಿನಲ್ಲೇ 'ಹುಳುಕು ಹಲ್ಲು' ಅಂತ ಇದೆಯಲ್ವಾ. ಕೆಲವು ಕಡೆ ಈಗಲೂ ಬೀಜದ ಹೊಗೆ ಹಿಡಿದು ಹಲ್ಲಿನ ಹುಳ ಬೀಳಿಸುತ್ತಾರೆ. ಬೀಳುವುದು ಹುಳ ಅಲ್ಲ, ಬೀಜದೊಳಗಿನ ಎಳೆ ಮೊಳಕೆ.

ಆ ರಾತ್ರಿಯೇ ಕತೆ ಬರೆಯಲು ಕೂತೆ. ಹುಡುಗಿಗೆ ಗೌರಿ ಅಂತ ಹೆಸರಿಟ್ಟೆ. ಮೊದಲ ಸಲ ಬರೆದದ್ದರಲ್ಲಿ ಕೊಂಬು ಇರುವ ಕೀಟಾಣುಗಳು ಗುದ್ದಲಿ ಹಿಡಿದು ಹಲ್ಲು ಅಗೆಯುತ್ತಿದ್ದವು. ತಂಗಿಯ ಮಗನಿಗೆ ಓದಿದೆ. ಅವನಿಗೆ ಆರು ವರ್ಷ. ನಗುನಗುತ್ತಾ ಕೇಳಿದ, ಆದರೆ ಮಲಗುವ ಹೊತ್ತಿಗೆ ಬಾಯಿ ಮುಚ್ಚಲು ಒಪ್ಪಲಿಲ್ಲ. ಮುಚ್ಚಿದರೆ ಅವು ಒಳಗೇ ಇರುತ್ತವಂತೆ! ಒಂದು ಹುಳ ತೆಗೆದು ಗುದ್ದಲಿ ಹಿಡಿದ ಸಾವಿರ ಹುಳ ಬಿಟ್ಟಿದ್ದೆ ನಾನು. ಆ ಪುಟಗಳನ್ನು ಪೂರ್ತಿ ಬಿಟ್ಟುಬಿಟ್ಟೆ.

ಹಾಗಾದರೆ ಹಲ್ಲು ತೂತಾಗುವುದು ಹೇಗೆ ಅಂತ ಮಗುವಿಗೆ ಏನು ಹೇಳಬೇಕು? ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ. ಇಷ್ಟೇ ವಿಷಯ. ಆದರೆ ಆಮ್ಲ ಅಂದರೆ ಏಳು ವರ್ಷದ ಮಗುವಿಗೆ ಏನೂ ಅಲ್ಲ. ಎರಡು ದಿನ ಅಲ್ಲೇ ನಿಂತೆ. ಮೂರನೇ ದಿನ ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ಹೊಳೆಯಿತು. ಒಂದು ಚಮಚ ಮಜ್ಜಿಗೆ ಬಿದ್ದರೆ ಬೆಳಗಾಗುವಷ್ಟರಲ್ಲಿ ಪಾತ್ರೆಪೂರ್ತಿ ಹಾಲು ಹುಳಿಯಾಗುತ್ತದೆ. ಹುಳಿ ಮಾಡಿದ್ದು ಯಾರು? ಹಾಲಿನ ಸಕ್ಕರೆ ತಿಂದ ಬ್ಯಾಕ್ಟೀರಿಯಾ. ಬಾಯಲ್ಲಿ ಇರುವವು ಬೇರೆ ಜಾತಿಯವು, ಆದರೆ ಅವು ಮಾಡುವ ಹುಳಿಯಲ್ಲಿ ಮುಖ್ಯವಾದದ್ದು ಇದೇ, ಲ್ಯಾಕ್ಟಿಕ್ ಆಮ್ಲ. ಹುಳ ಅಲ್ಲ, ಹುಳಿ! ಕನ್ನಡದಲ್ಲಿ ಒಂದೇ ಒಂದು ಗುಡಿಸಿನ ದೂರ. ಕತೆಗೆ ಹೆಸರು ಸಿಕ್ಕಿದ್ದೂ ಅಲ್ಲೇ.

ಕತೆಯ ಆ ಭಾಗ ಹೀಗಿದೆ:

"ಮೊಸರಲ್ಲಿ ಯಾವತ್ತಾದ್ರೂ ಹುಳ ನೋಡಿದ್ದೀಯಾ ಗೌರಿ?" ಡಾಕ್ಟರು ಕೇಳಿದರು.
"ಇಲ್ಲಪ್ಪ!"
"ಮತ್ತೆ ಹುಳಿ ಹೇಗಾಯ್ತು?"
"ಅಜ್ಜಿ ಹೆಪ್ಪು ಹಾಕ್ತಾರೆ."
"ನಿನ್ನ ಹಲ್ಲಿನ ಮೇಲೂ ಹೆಪ್ಪು ಕೂತಿದೆ. ಅದಕ್ಕೆ ಸಿಹಿ ಸಿಕ್ಕಿದರೆ ಸಾಕು, ನಿಮಿಷಗಳಲ್ಲೇ ಹುಳಿ ಮಾಡುತ್ತೆ."

ಹುಳಿ ಗಟ್ಟಿ ಹಲ್ಲನ್ನು ಕರಗಿಸುತ್ತದೆ ಅನ್ನುವುದನ್ನೂ ತೋರಿಸಬೇಕಿತ್ತು. ಅಡುಗೆಮನೆಯ ಅಮೃತಶಿಲೆಯ ಮೇಲೆ ಹೆಚ್ಚಿದ ನಿಂಬೆಹಣ್ಣನ್ನು ಬೋರಲು ಇಟ್ಟು ಮರೆತರೆ ಏನಾಗುತ್ತದೆ ಗೊತ್ತಲ್ವಾ? ಅಲ್ಲಿ ಹೊಳಪು ಹೋಗಿ ದುಂಡಗೆ ಒಂದು ಮಂಕು ಕಲೆ ಉಳಿಯುತ್ತದೆ. ತೂತಲ್ಲ, ಬರೀ ಮಂಕು. ಹಲ್ಲಿನಲ್ಲೂ ಮೊದಲು ಕಾಣುವುದು ಅದೇ. ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಹಲ್ಲನ್ನು ಒಣಗಿಸಿ ನೋಡಿದರೆ ಚೆನ್ನಾಗಿ ಕಾಣುತ್ತದೆ. ಆಗ ನೋವೇ ಇರುವುದಿಲ್ಲ, ಯಾಕೆಂದರೆ ಹೊರಗಿನ ಹೊದಿಕೆಯಲ್ಲಿ ನರ ಇಲ್ಲ. ನೋವು ಅಂತ ಮಗು ಅಳುವಷ್ಟರಲ್ಲಿ ಹುಳಿ ಆ ಹೊದಿಕೆ ದಾಟಿ ಒಳಗಿಳಿದಿರುತ್ತದೆ.

ಆದರೆ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಕಲ್ಲಿನ ಹೊಳಪು ತಾನಾಗಿ ಮರಳುವುದಿಲ್ಲ, ಹಲ್ಲಿಗೆ ಜೊಲ್ಲು ಇದೆ. ಜೊಲ್ಲು ಹುಳಿಯನ್ನು ತಗ್ಗಿಸುತ್ತದೆ, ಕರಗಿಹೋದ ಕ್ಯಾಲ್ಸಿಯಮ್ಮನ್ನು ವಾಪಸ್ ತುಂಬುತ್ತದೆ, ಪೇಸ್ಟಿನಲ್ಲಿರುವ ಫ್ಲೋರೈಡ್ ಅದಕ್ಕೆ ಜೊತೆ ಕೊಡುತ್ತದೆ. ಮಂಕು ಕಲೆಯ ಹಂತದಲ್ಲಿದ್ದರೆ ಹುಳುಕನ್ನು ಅಲ್ಲೇ ನಿಲ್ಲಿಸಬಹುದು. ತೂತು ಬಿದ್ದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಇದನ್ನು ಡಾಕ್ಟರ ಬಾಯಲ್ಲೇ ಹೇಳಿಸಿದೆ, ಇಲ್ಲದಿದ್ದರೆ ಕತೆ ಸುಳ್ಳಾಗುತ್ತಿತ್ತು.

ಜೊಲ್ಲು ಬಂದ ಮೇಲೆ ಕತೆಗೆ ಗೌರಿಯ ಅಣ್ಣನೂ ಬಂದ. ಇಬ್ಬರಿಗೂ ಆರಾರು ಬಿಸ್ಕತ್ತು. ಅಣ್ಣ ಶಾಲೆಯಿಂದ ಬಂದವನೇ ಆರನ್ನೂ ಹಾಲಿಗದ್ದಿ ತಿಂದು ಆಟಕ್ಕೆ ಓಡುತ್ತಾನೆ. ಗೌರಿ ಹೋಮ್‌ವರ್ಕ್ ಮಾಡುತ್ತಾ ಕಾಲು ಗಂಟೆಗೆ ಒಂದರಂತೆ ಕಚ್ಚುತ್ತಾಳೆ. ಜೊಲ್ಲು ಒಂದು ಸಲದ ಹುಳಿಯನ್ನು ಇಳಿಸಲು ಅರ್ಧ ಗಂಟೆಯೋ, ಕೆಲವೊಮ್ಮೆ ಅದಕ್ಕೂ ಜಾಸ್ತಿಯೋ ತೆಗೆದುಕೊಳ್ಳುತ್ತದೆ. ಅಣ್ಣನ ಬಾಯಲ್ಲಿ ಅದರ ಕೆಲಸ ಮುಗಿಯುತ್ತದೆ. ಗೌರಿಯ ಬಾಯಲ್ಲಿ ಇಳಿಯುವಷ್ಟರಲ್ಲಿ ಮುಂದಿನ ಬಿಸ್ಕತ್ತು. "ಇಬ್ಬರೂ ಅಷ್ಟೇ ತಿಂದ್ರಲ್ಲ, ಗೌರಿಗೆ ಮಾತ್ರ ಯಾಕೆ?" ಅಂತ ಮಕ್ಕಳಿಗೆ ಕೇಳಿದರೆ ಅವರೇ ಲೆಕ್ಕ ಹಾಕಿ ಹೇಳುತ್ತಾರೆ. ಚಾಕಲೇಟ್ ತಿಂದವಳಿಗೆ ಶಿಕ್ಷೆ ಅನ್ನುವ ಥರ ಬರೆಯಲು ನನಗೆ ಮನಸ್ಸಿರಲಿಲ್ಲ. ಆ ನಾಚಿಕೆಯಿಂದಲೇ ಎಷ್ಟೋ ಮಕ್ಕಳು ಬಾಯಿ ತೆಗೆಯುವುದಿಲ್ಲ.

ಗೌರಿಯ ಯಾವ ಹಲ್ಲು ಹುಳುಕಾಗಬೇಕು ಅನ್ನುವುದನ್ನು ಬೇಕಂತಲೇ ಆರಿಸಿದೆ. ಆರು ವರ್ಷದ ಹೊತ್ತಿಗೆ ಸಾಲಿನ ಕೊನೆಯಲ್ಲಿ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದು ದವಡೆ ಹಲ್ಲು ಬರುತ್ತದೆ. ಮೇಲೆ ಎರಡು, ಕೆಳಗೆ ಎರಡು. ತಂದೆತಾಯಿ ಅದನ್ನು ಹಾಲು ಹಲ್ಲು ಅಂದುಕೊಂಡು "ಬಿದ್ದುಹೋಗುತ್ತಲ್ಲ, ಬಿಡಿ" ಅನ್ನುತ್ತಾರೆ. ಅದು ಬೀಳುವ ಹಲ್ಲಲ್ಲ, ಕೊನೇವರೆಗೂ ಇರಬೇಕಾದದ್ದು. ಅದರ ಮೇಲಿನ ಗೆರೆಗಳು ಎಷ್ಟು ಕಿರಿದು ಅಂದರೆ ಬ್ರಷ್ಷಿನ ಒಂದು ಎಳೆಯೂ ಒಳಗೆ ಹೋಗುವುದಿಲ್ಲ. ಕತೆ ಓದಿ ಹೇಳುವ ಅಮ್ಮಂದಿರಿಗೂ ಇದು ತಲುಪಲಿ ಅಂತ ಇಟ್ಟೆ.

ಕ್ಲಿನಿಕ್ಕಿನ ಭಾಗದಲ್ಲಿ "ಸ್ವಲ್ಪವೂ ನೋವಾಗಲ್ಲ" ಅಂತ ಬರೆಯಲಿಲ್ಲ. ಒಮ್ಮೆ ನೋವಾದರೆ ಮಗು ಆಮೇಲೆ ಯಾವ ಡಾಕ್ಟರನ್ನೂ ನಂಬುವುದಿಲ್ಲ. ನಾವು ಕಲಿತ ಕ್ರಮವನ್ನೇ ಹಾಕಿದೆ: ಮೊದಲು ಹೇಳುವುದು, ಆಮೇಲೆ ತೋರಿಸುವುದು, ಆಮೇಲೆ ಮಾಡುವುದು. ಗುಂಯ್ ಅಂತ ತಿರುಗುವ ಬ್ರಷ್ಷನ್ನು ಡಾಕ್ಟರು ಮೊದಲು ಗೌರಿಯ ಹೆಬ್ಬೆರಳಿನ ಉಗುರಿಗೆ ಮುಟ್ಟಿಸುತ್ತಾರೆ. ಕಚಗುಳಿ. ನೀರಿನ ಪಿಚಕಾರಿ ಅಂಗೈಗೆ. ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ ಅಂತ ಮಾತು ಕೊಡುತ್ತಾರೆ, ಗೌರಿ ಪರೀಕ್ಷೆ ಮಾಡಲೆಂದೇ ಕೈ ಎತ್ತುತ್ತಾಳೆ, ಅವರು ನಿಜವಾಗಿಯೂ ನಿಲ್ಲಿಸುತ್ತಾರೆ. ಮೊದಲ ದಿನ ಹಲ್ಲು ಎಣಿಸುವುದು ಅಷ್ಟೇ. ಎರಡನೇ ಸಲ ಬಂದಾಗ ಕರಗಿ ಮೆತ್ತಗಾದ ಭಾಗ ತೆಗೆದು ತೂತು ತುಂಬಿಸುತ್ತಾರೆ.

ಆ ಹುಡುಗಿ ಮುಂದಿನ ವಾರ ಬಂದಳು. ಕುರ್ಚಿ ನೇರವಾಗಿಟ್ಟು ಕತೆ ಓದಿದೆ. ಮುಗಿದ ಮೇಲೆ "ನನ್ನ ಹೆಪ್ಪು ತೋರಿಸಿ" ಅಂದಳು. ಅದಕ್ಕೆ ಬಾಯಿ ತೆಗೆಯಬೇಕಲ್ಲ, ತೆಗೆದಳು. ದವಡೆ ಹಲ್ಲಿನ ಬದಿಯಿಂದ ಕಡ್ಡಿಯ ತುದಿಯಲ್ಲಿ ಒಂಚೂರು ಕೆರೆದೆ. ಬೆಳ್ಳಗೆ, ಮೆತ್ತಗೆ, ಸಾಸಿವೆ ಕಾಳಿನಷ್ಟು. ಹತ್ತಿರ ಹಿಡಿದು ಮೂಸಿದಳು.

"ಹುಳಿ ವಾಸನೆ ಬರ್ತಾ ಇಲ್ಲ. ಕತೆಯಲ್ಲಿ ಬರುತ್ತೆ ಅಂತ ಇದೆ."

ಅವಳು ಹೇಳಿದ್ದೇ ಸರಿ. ಅಲ್ಲೇ ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದೆ. ಅವಳು ಅದನ್ನು ನೋಡಿ, ಹಿಂದಕ್ಕೆ ಒರಗಿ, ಎಡಗೈಯನ್ನು ಎತ್ತಲು ಸಿದ್ಧವಾಗಿಟ್ಟುಕೊಂಡು ಬಾಯಿ ತೆರೆದಳು.