ಶಿಕ್ಷಣ ಸಾಲ ಬೇಗ ತೀರಿಸಬೇಕಾ, ಎಸ್‌ಐಪಿ ಶುರು ಮಾಡಬೇಕಾ?

ನಮ್ಮ ಅಕ್ಕನ ಮಗಳಿಗೆ ಕಳೆದ ವರ್ಷ ಕೆಲಸ ಸಿಕ್ಕಿತು. ಮೊದಲ ಕಂತು ಕಟ್ಟುವ ದಿನ ಅವಳ ಶಿಕ್ಷಣ ಸಾಲ 6 ಲಕ್ಷ ಇತ್ತು. ಬ್ಯಾಂಕ್ ಕೊಟ್ಟಿದ್ದು ಅದಕ್ಕಿಂತ ಕಡಿಮೆ. ಓದುವಾಗ ಸೇರಿದ ಬಡ್ಡಿ ಅಸಲಿನ ಜೊತೆ ಕೂಡಿಕೊಂಡಿತ್ತು. ಹಾಗಾಗಿ ಮೊದಲು ಸ್ಟೇಟ್‌ಮೆಂಟ್ ತೆಗೆಸಿ, ಈಗಿನ ಅಸಲು ಮತ್ತು ಬಡ್ಡಿ ದರ ಎಷ್ಟು ಅಂತ ನೋಡಿಕೊಳ್ಳಿ.

ಅವಳದು ಶೇ 10.5 ಬಡ್ಡಿ, 10 ವರ್ಷ, ತಿಂಗಳಿಗೆ ಸುಮಾರು 8,100 ರೂಪಾಯಿ ಕಂತು. ಮೊದಲ ಕಂತಿನಲ್ಲಿ 5,250 ರೂಪಾಯಿ ಬಡ್ಡಿಗೇ ಹೋಯಿತು. ಹೀಗೇ ಕಟ್ಟಿದರೆ ಒಟ್ಟು ಬಡ್ಡಿ ಸುಮಾರು 3.7 ಲಕ್ಷ.

ಖರ್ಚೆಲ್ಲ ಕಳೆದು ಅವಳ ಕೈಯಲ್ಲಿ ತಿಂಗಳಿಗೆ 5,000 ಉಳಿಯುತ್ತಿತ್ತು. ಮೂರು ತಿಂಗಳ ಖರ್ಚಿನಷ್ಟು ದುಡ್ಡು ಮೊದಲು ಉಳಿತಾಯ ಖಾತೆಯಲ್ಲಿ ಸೇರಲಿ ಎಂದೆ. ಸಾಲಕ್ಕೆ ಕಟ್ಟಿದ ದುಡ್ಡನ್ನು ಕಷ್ಟಕ್ಕೆ ವಾಪಸ್ ಕೇಳಲು ಆಗುವುದಿಲ್ಲ. ಕಂತು ತಪ್ಪಿದರೆ ಸಾಲಕ್ಕೆ ಜೊತೆಯಾಗಿ ಸಹಿ ಹಾಕಿದ ಅಪ್ಪನ ಸಿಬಿಲ್ ಸ್ಕೋರ್ ಕೂಡ ಕೆಡುತ್ತದೆ.

ಆಮೇಲಿನ ಲೆಕ್ಕ ನೋಡಿ. ಉಳಿತಾಯಕ್ಕೆ ಹಿಡಿದ ತಿಂಗಳುಗಳನ್ನು ಬಿಟ್ಟು, ಮೊದಲ ಕಂತಿನಿಂದಲೇ ಆ 5,000ವನ್ನೂ ಸಾಲಕ್ಕೇ ಹಾಕಿದರು ಅಂದುಕೊಂಡರೆ ಐದು ವರ್ಷದೊಳಗೆ ಸಾಲ ಮುಗಿಯುತ್ತದೆ. ಬಡ್ಡಿ 1.7 ಲಕ್ಷಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ 13,100 ರೂಪಾಯಿ ಪೂರ್ತಿ ಎಸ್‌ಐಪಿಗೆ, ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ, ಹಾಕಬಹುದು. ವರ್ಷಕ್ಕೆ ಶೇ 12 ಲಾಭ ಬಂದರೆ ಹತ್ತನೇ ವರ್ಷದ ಕೊನೆಗೆ ಅವಳ ಹತ್ತಿರ ಸುಮಾರು 10.9 ಲಕ್ಷ ಇರುತ್ತದೆ. ಮೊದಲ ದಿನದಿಂದ 5,000ದ ಎಸ್‌ಐಪಿ ಮಾಡಿ ಸಾಲವನ್ನು ಹಾಗೇ ಬಿಟ್ಟರೆ 11.5 ಲಕ್ಷ. ಸಿಗುವ ಜಾಸ್ತಿ 60 ಸಾವಿರ ಮಾತ್ರ, ಅದರಲ್ಲೂ ತೆರಿಗೆ ಕಳೆಯಬೇಕು. ಲಾಭ ಶೇ 10ಕ್ಕೆ ಇಳಿದರೆ ಸಾಲ ತೀರಿಸಿದ್ದೇ ಮುಂದೆ ನಿಲ್ಲುತ್ತದೆ. ಮಾರುಕಟ್ಟೆ ಶೇ 12 ಕೊಡುತ್ತದೆ ಅಂತ ಬರೆದು ಕೊಡುವವರಿಲ್ಲ. ಸಾಲ ತೀರಿಸಿದರೆ ಉಳಿಯುವ ಶೇ 10.5 ಬಡ್ಡಿ ಮಾತ್ರ ಖಚಿತ. ಅವಳಿಗೆ ಸಾಲವನ್ನೇ ತೀರಿಸು ಎಂದೆ.

ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಎಂಟು ವರ್ಷದವರೆಗೆ ಕಟ್ಟಿದ ಬಡ್ಡಿಯನ್ನು ಪೂರ್ತಿಯಾಗಿ ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ಶೇ 20ರ ಸ್ಲ್ಯಾಬ್‌ನವರಿಗೆ ಶೇ 10.5ರ ಸಾಲ ನಿಜದಲ್ಲಿ ಸುಮಾರು ಶೇ 8.3ಕ್ಕೆ ಬೀಳುತ್ತದೆ. ಆಗ ಅರ್ಧ ಸಾಲಕ್ಕೆ, ಅರ್ಧ ಎಸ್‌ಐಪಿಗೆ ಹಾಕಿದರೂ ತಪ್ಪಿಲ್ಲ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ.

ಇನ್ನು ಕಟ್ಟುವ ರೀತಿ. ಸುಮ್ನೆ ಸಾಲದ ಖಾತೆಗೆ ದುಡ್ಡು ಹಾಕಿ ಬಿಡಬೇಡಿ. ಅವಳು ಹಾಗೆ ಮಾಡಿದ ಮೊದಲ ಸಲ, ಬ್ಯಾಂಕಿನವರು ಅದನ್ನು ಮುಂದಿನ ಕಂತಿನ ಮುಂಗಡ ಅಂತ ಹಿಡಿದಿದ್ದರು. ಮುಂದಿನ ತಿಂಗಳು ಖಾತೆಯಿಂದ ಕಂತು ಪೂರ್ತಿ ಕಡಿತವಾಗದೇ ಇದ್ದಾಗಲೇ ಅದು ಗೊತ್ತಾಯಿತು. 'ಇದನ್ನು ಅಸಲಿಗೆ ಜಮಾ ಮಾಡಿ, ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ' ಎಂದು ಬರೆದು ಕೊಟ್ಟ ಮೇಲೆ ಸರಿಹೋಯಿತು. ಬದಲಾಗುವ ಬಡ್ಡಿಯ ಸಾಲವಾದರೆ ಮುಂಚೆ ಕಟ್ಟಿದ್ದಕ್ಕೆ ದಂಡ ಹಾಕುವ ಹಾಗಿಲ್ಲ. ಪ್ರತಿ ಸಲ ಕಟ್ಟಿದ ಮೇಲೆ ಸ್ಟೇಟ್‌ಮೆಂಟ್‌ನಲ್ಲಿ ಅಸಲು ಇಳಿದಿದೆಯಾ ನೋಡಿ.