ಮೊಡವೆ ಜೆಲ್ ಹಚ್ಚಿ, ದಿಂಬಿನ ಕವರ್ ಉಳಿಸಿಕೊಳ್ಳಿ

ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್ ಮೆಡಿಕಲ್‌ನಲ್ಲಿ ಕೇಳಿದರೆ ಸಿಗುತ್ತದೆ. ಮೊಡವೆಯ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಅದು ಬಿಡುವ ಆಮ್ಲಜನಕ. ಬಟ್ಟೆಯ ಬಣ್ಣ ತೆಗೆಯುವುದೂ ಅದೇ ಗುಣ.

ಮೊದಲು ಶಕ್ತಿ ಆರಿಸಿ. ಮುಖಕ್ಕೆ 2.5 ಶೇಕಡಾ ಸಾಕು. ಜಾಸ್ತಿ ಇದ್ದರೆ ಬೇಗ ಗುಣ ಅಂತ 10ರ ಟ್ಯೂಬ್ ತರಬೇಡಿ. ಮೊಡವೆ ಇಳಿಸುವುದರಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಉರಿ ಮತ್ತು ಸಿಪ್ಪೆ ಏಳುವುದು ಮಾತ್ರ ಜಾಸ್ತಿ. ಬೆನ್ನು, ಎದೆಗೆ 5ರ ವಾಶ್ ಒಳ್ಳೆಯದು. ಹಚ್ಚಿದ ತಕ್ಷಣ ತೊಳೆದರೆ ಸುಮ್ನೆ ದುಡ್ಡು ದಂಡ. ಎರಡು ಮೂರು ನಿಮಿಷ ಬಿಡಿ.

ಜೆಲ್ ಹಚ್ಚುವುದು ಸುಲಭ. ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಬಟಾಣಿಯಷ್ಟು ತೆಗೆದು ಮೊಡವೆ ಏಳುವ ಜಾಗಕ್ಕೆಲ್ಲ ತೆಳ್ಳಗೆ ಸವರಿ. ಕಣ್ಣು, ತುಟಿಯ ಹತ್ತಿರ ಬೇಡ. ಹುಬ್ಬಿಗೂ ತಾಗಿಸಬೇಡಿ, ಕೂದಲಿನ ಬಣ್ಣವೂ ಹೋಗುತ್ತದೆ. ಮೊದಲೆರಡು ವಾರ ದಿನ ಬಿಟ್ಟು ದಿನ ಸಾಕು.

ಹೆಚ್ಚಿನವರು ಎಡವುವುದು ಇದರ ನಂತರ. ನಮ್ಮ ಅಕ್ಕನ ಮಗ ಉಡುಪಿಯಲ್ಲಿ ಪಿಯುಸಿ ಓದುತ್ತಾನೆ. ರಾತ್ರಿ ಜೆಲ್ ಹಚ್ಚಿ ತಕ್ಷಣ ಮಲಗುತ್ತಿದ್ದ. ನೀಲಿ ಕವರಿನಲ್ಲಿ ಕೆನ್ನೆ ಇಡುವ ಜಾಗ ಕಿತ್ತಳೆಯಾಯಿತು. ಅಕ್ಕ ಕಲೆ ಅಂದುಕೊಂಡು ಸೋಪು ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು. ಕಲೆಯಾದರೆ ಸ್ವಲ್ಪವಾದರೂ ಮಾಸುತ್ತದೆ. ಇದು ಒಗೆದಷ್ಟೂ ಹಾಗೇ ಇರುತ್ತದೆ, ಯಾಕೆಂದರೆ ಅಲ್ಲಿ ಅಂಟಿದ್ದು ಏನೂ ಇಲ್ಲ, ಇದ್ದ ಬಣ್ಣವೇ ಹೋಗಿದೆ. ಮತ್ತೆ ಬಣ್ಣ ಹಾಕಿಸುವುದು ಬಿಟ್ಟರೆ ದಾರಿಯಿಲ್ಲ.

ಹಾಗಾಗಿ ಮಲಗುವ ಒಂದು ಗಂಟೆ ಮೊದಲೇ ಹಚ್ಚಿ, ಫ್ಯಾನ್ ಕೆಳಗೆ ಒಣಗಲು ಬಿಡಿ. ಆದರೂ ನಮ್ಮ ಕರಾವಳಿಯ ಸೆಕೆಗೆ ರಾತ್ರಿ ಬೆವರು ಬಂದೇ ಬರುತ್ತದೆ, ಒಣಗಿದ ಜೆಲ್ ಮತ್ತೆ ಒದ್ದೆಯಾಗಿ ದಿಂಬಿಗೆ ಇಳಿಯುತ್ತದೆ. ಇದಕ್ಕೆ ನನ್ನದು ಒಂದೇ ಮಾತು: ಅಚ್ಚ ಬಿಳಿ ಕವರ್, ಬಿಳಿ ಬನಿಯನ್. ತಿಳಿ ಬಣ್ಣ ಪರವಾಗಿಲ್ಲ ಅನ್ನಬೇಡಿ, ಅದೂ ಹೋಗುತ್ತದೆ.

ಕೈಯನ್ನು ಮರೆಯಬೇಡಿ. ಜೆಲ್ ಹಚ್ಚಿದ ಬೆರಳನ್ನು ಸೋಪಿನಲ್ಲಿ ತೊಳೆಯದೆ ಬೈರಾಸಿಗೆ ಒರಸಿದರೆ ಐದು ಬೆರಳಿನ ಗುರುತು ಮೂಡುತ್ತದೆ. ಬೆಳಿಗ್ಗೆ ಬಣ್ಣದ ಬೈರಾಸು ಮುಟ್ಟುವ ಮೊದಲು ಮುಖ ತೊಳೆಯಿರಿ. ವಾಶ್ ಬಳಸುವವರು ಕಿವಿಯ ಹಿಂದೆ, ಗಲ್ಲದ ಕೆಳಗೆ, ಕೂದಲಿನ ಅಂಚಿನಲ್ಲಿ ಎರಡು ಸಲ ನೀರು ಹಾಕಿ. ನೊರೆ ಉಳಿಯುವುದು ಅಲ್ಲೇ. ಬಿಳಿ ಕವರನ್ನು ಬಣ್ಣದ ಬಟ್ಟೆ ಜೊತೆ ಒಂದೇ ಬಕೆಟಿನಲ್ಲಿ ನೆನೆಸಬೇಡಿ.

ಟ್ಯೂಬನ್ನು ಬಿಸಿಲು ಬೀಳುವ ಕಿಟಕಿಯಲ್ಲಿ, ಕಾರಿನಲ್ಲಿ ಇಡಬೇಡಿ, ಬಿಸಿಗೆ ಕೆಡುತ್ತದೆ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಒಣಗುವುದು, ಸ್ವಲ್ಪ ಉರಿ ಸಾಮಾನ್ಯ. ಮುಖ ಊದಿದರೆ, ತುರಿಕೆ ಹೆಚ್ಚಾದರೆ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ.